ಹನ್ನೊಂದು ಅಂಶದಿಂದ ಮೂರು ಮಾತಿಗೆ: ಭಾಷಣದ ಸಂದೇಶ ಕೇಳಿದವರ ಬಾಯಲ್ಲಿ ಉಳಿಸುವ ಬಗೆ

ನಮ್ಮ ಕಾಫಿ ತೋಟ ಚಿಕ್ಕಮಗಳೂರಿನ ಆಲ್ದೂರು ಕಡೆ ಇದೆ. ಜಾಸ್ತಿ ಅರೇಬಿಕಾ, ಅಂಚಿನಲ್ಲಿ ಒಂದಿಷ್ಟು ರೋಬಸ್ಟಾ. ನಾನು ಭಾಷಣಕಾರನಲ್ಲ. ಆದರೂ ಒಂದು ಸೆಪ್ಟೆಂಬರಿನಲ್ಲಿ ಊರ ಬೆಳೆಗಾರರ ಸಭೆಯಲ್ಲಿ, ಕಾಫಿ ಕಾಂಡವನ್ನು ಒಳಗೇ ಕೊರೆಯುವ, ನಾವು ಬೋರರ್ ಅನ್ನುವ ಬಿಳಿ ಕಾಂಡಕೊರಕ ಹುಳುವಿನ ಬಗ್ಗೆ ಮಾತಾಡಲು ನನ್ನನ್ನು ಎಬ್ಬಿಸಿದರು. ನಾನು ಚೆನ್ನಾಗಿಯೇ ತಯಾರಾಗಿದ್ದೆ. ಚೀಟಿಯಲ್ಲಿ ಹನ್ನೊಂದು ಅಂಶ ಬರೆದುಕೊಂಡಿದ್ದೆ. ಇಪ್ಪತ್ತು ನಿಮಿಷ ಮಾತಾಡಿದೆ. ಚಪ್ಪಾಳೆಯೂ ಬಿತ್ತು.

ಆಮೇಲೆ ಕಾಫಿ ಲೋಟ ಹಿಡಿದು ನಿಂತಾಗ ಒಬ್ಬರು ಕೇಳಿದರು, "ಚೆನ್ನಾಗಿ ಹೇಳಿದ್ರಿ. ಅದೇನೋ ಔಷಧಿ ಅಂದ್ರಲ್ಲ, ಯಾವುದು?" ನಾನು ಔಷಧಿಯ ಬಗ್ಗೆ ಒಂದೇ ವಾಕ್ಯ ಹೇಳಿದ್ದೆ, ಅದೂ ಬೇರೆ ಏನನ್ನೋ ಹೇಳುವಾಗ. ಇನ್ನೂ ನಾಲ್ಕು ದಿನ ಕಳೆದ ಮೇಲೆ ಪಕ್ಕದ ತೋಟದ ಚಿಕ್ಕಪ್ಪನ ಮನೆಗೆ ಹೋದೆ. ಬಚ್ಚಲೊಲೆಯ ಪಕ್ಕ, ಸೌದೆ ಗೂಡಿನಲ್ಲಿ, ಕಿತ್ತ ಕಾಫಿ ಕಾಂಡಗಳನ್ನು ಅಚ್ಚುಕಟ್ಟಾಗಿ ಒಟ್ಟಿದ್ದರು. ಎಲ್ಲ ಬೋರರ್ ಹಿಡಿದ ಗಿಡಗಳೇ.

"ಚಿಕ್ಕಪ್ಪ, ಇದನ್ನ ಸುಡಬೇಕು ಅಂದಿದ್ದೆನಲ್ಲ?"

"ಸುಡೋದಕ್ಕೇ ಅಲ್ವಾ ಮಾರಾಯ ಇಟ್ಟಿರೋದು? ದಿನಾ ನಾಲ್ಕು ಹಾಕಿದ್ರೆ ಬಿಸಿನೀರಿಗಾಯ್ತು."

ತಪ್ಪು ಅವರದಲ್ಲ. ಈ ಹುಳು ಕಾಂಡದ ಒಳಗೇ ಬೆಳೆದು, ದುಂಬಿಯಾಗಿ, ಹೊರಗೆ ಹಾರುತ್ತದೆ. ಹಾರುವ ಕಾಲ ವರ್ಷಕ್ಕೆ ಎರಡು: ಏಪ್ರಿಲ್–ಮೇ ಒಂದು, ಅಕ್ಟೋಬರ್‌ನಿಂದ ಡಿಸೆಂಬರ್ ಇನ್ನೊಂದು. ಗಿಡ ಕಿತ್ತು ಒಟ್ಟಿದರೂ ಒಳಗಿನ ಹುಳಕ್ಕೆ ಏನೂ ಆಗಿರುವುದಿಲ್ಲ. ಸೌದೆ ಗೂಡಿನಿಂದಲೇ ದುಂಬಿ ಎದ್ದು ತೋಟಕ್ಕೆ ಹೋಗುತ್ತದೆ. ಇದನ್ನು ನಾನು ಹೇಳಿದ್ದೆ, ಎಂಟನೇ ಅಂಶವಾಗಿ. ಎಂಟನೆಯದು ಯಾರಿಗೆ ನೆನಪಿರುತ್ತದೆ?

ಮುಂದಿನ ವರ್ಷ ಅದೇ ಸಭೆಗೆ ಅದೇ ವಿಷಯವನ್ನು ಬೇರೆ ಥರ ಕಟ್ಟಿದೆ. ಎಂಟು ನಿಮಿಷ, ಮೂರು ಮಾತು. ಅದನ್ನು ಹೇಗೆ ಕಟ್ಟಿದೆ, ಎಲ್ಲೆಲ್ಲಿ ಎಡವಿದೆ ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ನಿಮ್ಮ ವಿಷಯ ಹಾಲಿನ ಡೈರಿಯದ್ದಿರಬಹುದು, ಶಾಲೆಯ ಪೋಷಕರ ಸಭೆಯದ್ದಿರಬಹುದು. ಕಟ್ಟುವ ಕೆಲಸ ಇದೇ.

ಮೂರೇ ಯಾಕೆ

ಎರಡು ಹೇಳಿದರೆ ಜೋಡಿ ಅನಿಸುತ್ತದೆ. ಮೂರನೆಯದು ಬಂದಾಗಲೇ ಕಿವಿಗೆ "ಇದೊಂದು ಸರಣಿ, ಇಲ್ಲಿಗೆ ಮುಗಿಯಿತು" ಅನಿಸುವುದು. ನಾಲ್ಕಾದರೆ ಪಟ್ಟಿಯಾಗುತ್ತದೆ, ಜನ ಒಂದನ್ನು ಬಿಡುತ್ತಾರೆ. 1940ರ ಮೇ 13ರಂದು ಚರ್ಚಿಲ್ ಬ್ರಿಟನ್ನಿನ ಸಂಸತ್ತಿನಲ್ಲಿ, ತಾನು ಕೊಡಬಲ್ಲದ್ದು ರಕ್ತ, ದುಡಿಮೆ, ಕಣ್ಣೀರು, ಬೆವರು ಎಂದು ನಾಲ್ಕು ಹೇಳಿದರು. ಜನರ ಬಾಯಲ್ಲಿ ಉಳಿದದ್ದು ರಕ್ತ, ಬೆವರು, ಕಣ್ಣೀರು. ದುಡಿಮೆ ಬಿದ್ದುಹೋಯಿತು, ಉಳಿದವುಗಳ ಕ್ರಮವೂ ಬದಲಾಯಿತು. ನೀವು ನಾಲ್ಕು ಹೇಳಿದರೆ ಯಾವುದು ಬೀಳುತ್ತದೆ ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ನನ್ನ ಭಾಷಣದಲ್ಲಿ ಬಿದ್ದದ್ದು ಸುಡುವ ಮಾತು.

ಇನ್ನೊಂದು ಕಾರಣವೂ ಇದೆ. 2014ರಲ್ಲಿ ಸುಝೇನ್ ಶೂ ಮತ್ತು ಕರ್ಟ್ ಕಾರ್ಲ್‌ಸನ್ ಎಂಬ ಇಬ್ಬರು ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಹೇಳುವವನಿಗೆ ನಮ್ಮನ್ನು ಒಪ್ಪಿಸುವ ಉದ್ದೇಶ ಇದೆ ಎಂದು ಗೊತ್ತಿದ್ದಾಗ, ಮೂರು ಒಳ್ಳೆಯ ಮಾತಿನವರೆಗೆ ಕೇಳುಗರ ಮೆಚ್ಚುಗೆ ಏರುತ್ತದೆ, ನಾಲ್ಕನೆಯದಕ್ಕೆ ಅನುಮಾನ ಶುರುವಾಗುತ್ತದೆ ಎಂದು ಅವರು ಕಂಡುಕೊಂಡರು. ಮನೆ ಬಾಗಿಲಿಗೆ ಬಂದು ಏನಾದರೂ ಮಾರುವವರ ಮಾತು ಕೇಳಿದವರಿಗೆ ಇದು ಹೊಸ ವಿಷಯವೇನಲ್ಲ.

ಒಂದು ಮಾತ್ರ ಗಮನಿಸಿ. ನಮ್ಮ ಗಾದೆಗಳು ಹೆಚ್ಚಾಗಿ ಎರಡರ ಕಟ್ಟಿನವು. "ದೇಶ ಸುತ್ತು, ಕೋಶ ಓದು." "ಕೈ ಕೆಸರಾದರೆ ಬಾಯಿ ಮೊಸರು." ನಿಮ್ಮ ವಿಷಯದಲ್ಲಿ ನಿಜವಾಗಿ ಎರಡೇ ಇದ್ದರೆ ಎರಡೇ ಹೇಳಿ. ಮೂರು ಆಗಲಿ ಅಂತ ಒಂದನ್ನು ತುರುಕಿದರೆ ಅದೇ ಎದ್ದು ಕಾಣುತ್ತದೆ.

ಮೊದಲ ಹೆಜ್ಜೆ: ನಾಳೆ ಬೆಳಗ್ಗೆ ಏನು ಮಾಡಬೇಕು?

ಮೂರನ್ನು ಹುಡುಕುವ ಮೊದಲು ಒಂದನ್ನು ಬರೆಯಿರಿ. ನಿಮ್ಮ ಮಾತು ಕೇಳಿದವರು ನಾಳೆ ಬೆಳಗ್ಗೆ ಎದ್ದು ಏನು ಮಾಡಬೇಕು? "ಕಾಂಡಕೊರಕದ ಬಗ್ಗೆ ಅರಿವು ಮೂಡಬೇಕು" ಅನ್ನುವುದು ಉತ್ತರವಲ್ಲ. ಅರಿವನ್ನು ಯಾರೂ ಬೆಳಗ್ಗೆ ಎದ್ದು ಮಾಡುವುದಿಲ್ಲ. ನಾನು ಬರೆದುಕೊಂಡದ್ದು ಇದು: "ಅಕ್ಟೋಬರ್ ಬರುವುದರೊಳಗೆ ಪ್ರತಿಯೊಬ್ಬರ ತೋಟದಲ್ಲೂ ಬೋರರ್ ಹಿಡಿದ ಗಿಡ ಬೂದಿಯಾಗಿರಬೇಕು."

ಬೂದಿ ಅನ್ನುವ ಪದ ಬರೆದ ಕೂಡಲೇ ಅರ್ಧ ಕೆಲಸ ಮುಗಿಯಿತು. ಬೂದಿಯಾಗುವ ದಾರಿಯಲ್ಲಿ ಇಲ್ಲದ ಯಾವ ಅಂಶವೂ ಈ ಭಾಷಣಕ್ಕೆ ಬೇಡ.

ಎರಡನೇ ಹೆಜ್ಜೆ: ಸುರಿದು, ಸೋಸುವುದು

ಹಳೇ ಚೀಟಿ ತೆಗೆದೆ. ಹನ್ನೊಂದು ಅಂಶ ಹೀಗಿದ್ದವು: ನೆರಳು ಸರಿಯಾಗಿರಬೇಕು, ನೆರಳು ಮರದ ಕೊಂಬೆ ಕಡಿಯುವ ಮರಗಸಿ ಅತಿಯಾಗಬಾರದು, ಕಾಂಡದ ಸಡಿಲ ತೊಗಟೆ ಉಜ್ಜಿ ತೆಗೆಯಬೇಕು, ಕಾಂಡಕ್ಕೆ ಸುಣ್ಣ ಬಳಿಯಬೇಕು, ದುಂಬಿಯನ್ನು ಸೆಳೆದು ಹಿಡಿಯುವ ಮೋಹಕ ಬಲೆ ಕಟ್ಟಬೇಕು, ಬೋರರ್ ಗಿಡ ಗುರುತಿಸಬೇಕು, ಕೀಳಬೇಕು, ಸುಡಬೇಕು, ಪಕ್ಕದ ತೋಟದವರ ಜೊತೆ ಸೇರಿ ಮಾಡಬೇಕು, ಔಷಧಿಯ ವಿಚಾರ, ಹೊಸ ಗಿಡ ನೆಡುವ ವಿಚಾರ.

ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ ಹಾಕಿದೆ: ಇದನ್ನು ಬಿಟ್ಟರೆ ಬೂದಿ ಆಗುವುದು ನಿಲ್ಲುತ್ತದಾ? ಸುಣ್ಣ ಬಿಟ್ಟರೆ ನಿಲ್ಲುವುದಿಲ್ಲ. ಬಲೆ ಬಿಟ್ಟರೂ ನಿಲ್ಲುವುದಿಲ್ಲ. ಗುರುತಿಸದಿದ್ದರೆ ನಿಲ್ಲುತ್ತದೆ. ಕೀಳದಿದ್ದರೆ ನಿಲ್ಲುತ್ತದೆ. ಸುಡದಿದ್ದರಂತೂ ಮಾತೇ ಇಲ್ಲ. ಮೂರು ತಾವಾಗಿಯೇ ಉಳಿದವು.

ಕಷ್ಟ ಆದದ್ದು ನೆರಳಿನ ವಿಷಯದಲ್ಲಿ. ಈ ದುಂಬಿಗೆ ಬಿಸಿಲು ಇಷ್ಟ. ನೆರಳು ತೆಳುವಾದ ಕಡೆ ಕಾಟ ಜಾಸ್ತಿ. ಕಾಫಿ ಬಲ್ಲ ಯಾರಾದರೂ "ನೆರಳು ಬಿಟ್ಟು ಬೋರರ್ ಬಗ್ಗೆ ಮಾತಾಡ್ತೀಯಾ?" ಅಂತ ಕೇಳಿಯೇ ಕೇಳುತ್ತಾರೆ. ಎರಡು ದಿನ ಒದ್ದಾಡಿದೆ. ಕೊನೆಗೆ ಬಿಟ್ಟೆ. ನೆರಳು ಸರಿಮಾಡುವುದು ವರ್ಷಗಳ ಕೆಲಸ, ಕೀಳುವುದು ಈ ತಿಂಗಳ ಕೆಲಸ. ಎರಡನ್ನೂ ಒಂದೇ ಕಟ್ಟಿಗೆ ಸೇರಿಸಿದರೆ ಜನ ಸುಲಭದ್ದನ್ನು ಆರಿಸಿಕೊಳ್ಳುತ್ತಾರೆ, ಅಂದರೆ ಮುಂದಿನ ವರ್ಷ ನೋಡೋಣ ಅನ್ನುವಂಥದ್ದನ್ನು. ನೆರಳನ್ನು ಪ್ರಶ್ನೋತ್ತರಕ್ಕೆ ಇಟ್ಟುಕೊಂಡೆ. ಸುಣ್ಣ, ತೊಗಟೆ ಉಜ್ಜುವುದು, ಬಲೆ ಇವನ್ನೆಲ್ಲ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಬಾಗಿಲಲ್ಲಿ ಕೊಡಿಸಿದೆ.

ಅಳತೆ, ಪ್ರಮಾಣ ಇರುವ ವಿಷಯ ಯಾವಾಗಲೂ ಹಾಳೆಯಲ್ಲೇ ಇರಲಿ. ಔಷಧಿ ಬೆರೆಸುವ ಕೆಲಸಕ್ಕೆ ಆರು ಹಂತ ಇದ್ದರೆ ಆರೂ ಬೇಕು. ಅದನ್ನು ಮೂರಕ್ಕೆ ಇಳಿಸುವುದು ಜಾಣತನವಲ್ಲ, ಅಪಾಯ.

ಮೂರನೇ ಹೆಜ್ಜೆ: ಒಂದೇ ಅಚ್ಚಿಗೆ ಹಾಕುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಸಂದೇಶ ನಿಲ್ಲುವುದೂ ಬೀಳುವುದೂ ಈ ಹೆಜ್ಜೆಯಲ್ಲೇ.

ನನ್ನ ಮೊದಲ ಪ್ರಯತ್ನ ಹೀಗಿತ್ತು: "ಸಕಾಲಿಕ ಗುರುತಿಸುವಿಕೆ, ಗಿಡ ಕೀಳೋದು, ಮತ್ತು ಸುಟ್ಟು ನಾಶಪಡಿಸಬೇಕು." ಅರ್ಥ ಸರಿಯಾಗಿದೆ. ಆದರೆ ಮೊದಲನೆಯದು ಕಚೇರಿ ಸುತ್ತೋಲೆ, ಎರಡನೆಯದು ಮನೆಮಾತು, ಮೂರನೆಯದು ಪೂರ್ತಿ ವಾಕ್ಯ. ಕೇಳುವವರ ಕಿವಿ ಪ್ರತಿ ಸಲ ಹೊಸದಾಗಿ ಶುರುಮಾಡಬೇಕು. ಮೂರೂ ಒಂದೇ ಆಕಾರದಲ್ಲಿ ಇದ್ದರೆ ಮೊದಲನೆಯದು ಕೇಳಿದಾಗಲೇ ಉಳಿದೆರಡಕ್ಕೆ ಕಿವಿ ಜಾಗ ಮಾಡಿಕೊಂಡಿರುತ್ತದೆ.

ಕನ್ನಡದಲ್ಲಿ ಆಕಾರ ಕೂಡಿಸುವ ಜಾಗ ವಾಕ್ಯದ ಬಾಲ. ಕ್ರಿಯಾಪದ ಕೊನೆಗೆ ಬರುತ್ತದೆ, ಪ್ರತ್ಯಯವೂ ಪದದ ಕೊನೆಗೆ ಅಂಟುತ್ತದೆ. ಹಾಗಾಗಿ ಬಾಲ ಒಂದೇ ಆದರೆ ಸಾಕು, ಪ್ರಾಸ ಪುಕ್ಕಟೆ ಸಿಗುತ್ತದೆ. "ಹುಡುಕಿ, ಕೀಳಿ, ಸುಡಿ." ಮೂರೂ ಕ್ರಿಯೆ, ಮೂರೂ ಬಹುವಚನದ ಆಜ್ಞೆ, ಮೂರರ ಕೊನೆಗೂ "ಇ". ಇದು ನನ್ನ ಎರಡನೇ ಪ್ರಯತ್ನ. ತುಂಬಾ ಖುಷಿಯಾಗಿತ್ತು.

ಆದರೆ ಪುಕ್ಕಟೆ ಪ್ರಾಸದಲ್ಲಿ ಒಂದು ಮೋಸ ಇದೆ. ಬಾಲ ಕೂಡಿದ ಕೂಡಲೇ ಅರ್ಥವೂ ಕೂಡಿತು ಅಂದುಕೊಳ್ಳುತ್ತೇವೆ. ಶಾಲೆಯಲ್ಲಿ ಪ್ರಜಾಪ್ರಭುತ್ವದ ವ್ಯಾಖ್ಯೆ ಹೇಗೆ ಕಲಿತಿರಿ, ನೆನಪಿದೆಯಾ? "ಪ್ರಜೆಗಳಿಂದ, ಪ್ರಜೆಗಳಿಗಾಗಿ, ಪ್ರಜೆಗಳಿಗೋಸ್ಕರ." ಬಾಯಿಪಾಠ ಆಗಿದೆ, ವೇದಿಕೆ ಮೇಲೆ ಈಗಲೂ ಕೇಳುತ್ತೇವೆ. ಆದರೆ "ಗಾಗಿ" ಮತ್ತು "ಗೋಸ್ಕರ" ಎರಡೂ ಒಂದೇ ಅಲ್ವಾ? ಲಿಂಕನ್ 1863ರ ನವೆಂಬರ್ 19ರಂದು ಗೆಟ್ಟಿಸ್‌ಬರ್ಗ್‌ನಲ್ಲಿ ಹೇಳಿದ್ದು ಮೂರು ಬೇರೆ ಬೇರೆ ಸಂಬಂಧ: ಪ್ರಜೆಗಳ ಸರ್ಕಾರ, ಪ್ರಜೆಗಳಿಂದ ನಡೆಯುವ ಸರ್ಕಾರ, ಪ್ರಜೆಗಳಿಗಾಗಿ ಇರುವ ಸರ್ಕಾರ. ಕನ್ನಡದಲ್ಲಿ "ಪ್ರಜೆಗಳ" ಅನ್ನುವುದು ತೀರಾ ಗಿಡ್ಡವಾಗಿ ಕಿವಿಗೆ ಸಾಲಲಿಲ್ಲವೋ ಏನೋ, ಅದರ ಜಾಗಕ್ಕೆ "ಗೋಸ್ಕರ" ಬಂದು ಕೂತಿತು. ಲಯ ಉಳಿಯಿತು, ಒಂದು ಅರ್ಥ ಹೋಯಿತು, ನಮಗೆ ಗೊತ್ತೇ ಆಗಲಿಲ್ಲ.

ಹಾಗಾಗಿ ಅಚ್ಚಿಗೆ ಹಾಕಿದ ಮೇಲೆ ಒಂದು ಪರೀಕ್ಷೆ ಮಾಡಿ. ಮೂರರಲ್ಲಿ ಒಂದನ್ನು ಮುಚ್ಚಿ, ಏನಾದರೂ ನಷ್ಟವಾಯಿತಾ ನೋಡಿ. ಸಮಾರಂಭಗಳಲ್ಲಿ ಕೇಳುವ "ಶ್ರೇಷ್ಠತೆ, ಉತ್ಕೃಷ್ಟತೆ, ಗುಣಮಟ್ಟ" ಇದಕ್ಕೆ ಹಾಕಿ ನೋಡಿ. ಯಾವುದನ್ನು ಮುಚ್ಚಿದರೂ ಏನೂ ಆಗುವುದಿಲ್ಲ. ಅದು ಒಂದೇ ಮಾತಿಗೆ ಮೂರು ಅಂಗಿ. "ಕೀಳಿ" ಮುಚ್ಚಿದರೆ? ಗಿಡ ತೋಟದಲ್ಲೇ ನಿಂತಿರುತ್ತದೆ. ಅಂದರೆ ಮೂರೂ ಗಟ್ಟಿ.

ಮೇಸ್ತ್ರಿ ತಿದ್ದಿದ ಮಾತು

"ಹುಡುಕಿ, ಕೀಳಿ, ಸುಡಿ" ಕಾಗದದ ಮೇಲೆ ಚೆನ್ನಾಗಿತ್ತು. ಜೋರಾಗಿ ಹೇಳಿದಾಗ ಎರಡು ತೊಂದರೆ ಕಂಡವು.

ಒಂದು, "ಹುಡುಕಿ" ಅನ್ನುವುದಕ್ಕೆ ಎರಡು ಅರ್ಥ ಇದೆ. "ನೀವು ಹುಡುಕಿ" ಅನ್ನುವ ಆಜ್ಞೆಯೂ ಹೌದು, "ಹುಡುಕಿದ ಮೇಲೆ" ಅನ್ನುವುದೂ ಹೌದು. ದನಿ ಎಳೆದು ಮುಂದಕ್ಕೆ ಹೋದರೆ ಜನ "ಹುಡುಕಿ ಕೀಳಿ" ಅಂತ ಒಂದೇ ಕೆಲಸವಾಗಿ ಕೇಳುತ್ತಾರೆ, ಮೂರು ಇದ್ದದ್ದು ಎರಡಾಗುತ್ತದೆ. ನೋಡಿ, ಮಾಡಿ, ತೊಳೆಯಿರಿ ಅಂತ ಕಟ್ಟುವವರಿಗೂ ಇದೇ ಎಡವಟ್ಟು ಕಾದಿದೆ, ಯಾಕಂದರೆ "ನೋಡಿ", "ಮಾಡಿ" ಎರಡೂ ಹೀಗೆಯೇ. ಇದಕ್ಕೆ ಮದ್ದು ದನಿಯಲ್ಲೇ ಇದೆ. ಪ್ರತಿ ಪದದ ಕೊನೆಗೂ ದನಿ ಇಳಿಸಿ, ಪೂರ್ಣವಿರಾಮ ಬಂದ ಹಾಗೆ ನಿಲ್ಲಿಸಬೇಕು.

ಎರಡನೆಯದು ನನಗೆ ಹೊಳೆಯಲೇ ಇಲ್ಲ. ಸಭೆಗೆ ವಾರ ಇರುವಾಗ ನಮ್ಮ ಮೇಸ್ತ್ರಿಗೆ ಮಾತು ಒಪ್ಪಿಸಿದೆ. ಅವನು ತಲೆಯಾಡಿಸಿದ. ಮಾರನೇ ದಿನ ತೋಟದಲ್ಲಿ ಆಳುಗಳಿಗೆ ಅವನು ಹೇಳುತ್ತಿದ್ದದ್ದು ಕಿವಿಗೆ ಬಿತ್ತು: "ಹುಡ್ಕಿ, ಕಿತ್ತಾಕಿ, ಸುಟ್ಟಾಕಿ ಅಂತ ಅಣ್ಣ ಹೇಳಿದಾರೆ."

ನಾನು ಹಾಗೆ ಹೇಳಿರಲಿಲ್ಲ. ಆದರೆ ಕೇಳಿ: ಹುಡ್ಕಿ, ಕಿತ್ತಾಕಿ, ಸುಟ್ಟಾಕಿ. ಮೂರೂ "ಕಿ"ಯಲ್ಲಿ ಮುಗಿಯುತ್ತವೆ. ನಡುವಿನ ಒತ್ತಕ್ಷರ ಮಾತಿಗೆ ಏಟು ಕೊಡುತ್ತದೆ. ಜತೆಗೆ "ಹಾಕಿ" ಸೇರಿದ್ದರಿಂದ ಕೆಲಸ ಪೂರ್ತಿ ಮುಗಿಸಿ ಅನ್ನುವ ಅರ್ಥವೂ ಬಂತು. "ಕೀಳಿ" ಅಂದರೆ ಕೀಳುವ ಕೆಲಸ, "ಕಿತ್ತಾಕಿ" ಅಂದರೆ ಮತ್ತೆ ಅಲ್ಲಿ ಇರಬಾರದು. ನಾನು ಬರಹದ ಕನ್ನಡದಲ್ಲಿ ಕಟ್ಟಿದ್ದೆ, ಅವನು ಬಾಯಿಯ ಕನ್ನಡದಲ್ಲಿ ಬಿಚ್ಚಿ ಕಟ್ಟಿದ.

ಅವತ್ತಿನಿಂದ ಇದನ್ನು ಒಂದು ಕ್ರಮವಾಗಿಯೇ ಇಟ್ಟುಕೊಂಡಿದ್ದೇನೆ. ಕಟ್ಟಿದ ಮಾತನ್ನು ಒಬ್ಬರಿಗೆ ಹೇಳುವುದು, ಮಾರನೇ ದಿನ ಅವರು ಅದನ್ನು ಮೂರನೆಯವರಿಗೆ ಹೇಗೆ ಹೇಳುತ್ತಾರೆ ಕೇಳುವುದು. ಅವರು ಬದಲಾಯಿಸಿದ ಕಡೆ ಹೆಚ್ಚಾಗಿ ಅವರೇ ಸರಿ.

ನಾಲ್ಕನೇ ಹೆಜ್ಜೆ: ಯಾವುದು ಮೊದಲು, ಯಾವುದು ಕೊನೆಗೆ

ಕೆಲಸದ ಕ್ರಮ ಇದ್ದರೆ ಅದೇ ಕ್ರಮ. ಕೀಳುವ ಮೊದಲು ಸುಡಲು ಆಗುವುದಿಲ್ಲ. ಅಂಥ ಕ್ರಮ ಇಲ್ಲದ ಕಡೆ ಎರಡು ವಿಷಯ ನೋಡಿ: ಚಿಕ್ಕದು ಮೊದಲು ದೊಡ್ಡದು ಕೊನೆಗೆ, ಮತ್ತು ಮರೆಯಬಾರದ್ದು ಕೊನೆಗೆ. ಕೊನೆಯದರ ಹಿಂದೆ ಬೇರೆ ಮಾತು ಬಂದು ಮುಚ್ಚುವುದಿಲ್ಲ, ಅದಕ್ಕೇ ಅದು ಹೆಚ್ಚು ಉಳಿಯುತ್ತದೆ.

ಕ್ರಮ ಬದಲಾದರೆ ಮಾತಿನ ಅರ್ಥವೇ ಹೇಗೆ ಬದಲಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ಅಂಬೇಡ್ಕರ್ 1942ರ ಜುಲೈನಲ್ಲಿ ನಾಗಪುರದ ಸಮ್ಮೇಳನದಲ್ಲಿ ಇಂಗ್ಲಿಷಿನಲ್ಲಿ ಹೇಳಿದ ಮೂರು ಮಾತಿನ ಕ್ರಮ ಶಿಕ್ಷಣ, ಹೋರಾಟ, ಸಂಘಟನೆ. ನಮ್ಮಲ್ಲಿ ಗೋಡೆ ಬರಹದಲ್ಲಿ, ಮೆರವಣಿಗೆಯಲ್ಲಿ ಕೇಳುವುದು "ಶಿಕ್ಷಣ, ಸಂಘಟನೆ, ಹೋರಾಟ". ಎರಡನೆಯದು ಮೂರನೆಯದು ಅದಲು ಬದಲಾಗಿವೆ. ಕನ್ನಡದ ಕ್ರಮ ಹೋರಾಟಕ್ಕೆ ಬಂದು ನಿಲ್ಲುತ್ತದೆ, ಮೂಲ ಸಂಘಟನೆಗೆ ಬಂದು ನಿಲ್ಲುತ್ತದೆ. ಯಾವುದು ಸರಿ ಅನ್ನುವ ಚರ್ಚೆ ಇಲ್ಲಿ ಬೇಡ. ಕೊನೆಗೆ ಯಾವುದನ್ನು ಇಡುತ್ತೀರೋ ಜನ ಅತ್ತ ನಡೆಯುತ್ತಾರೆ ಅನ್ನುವುದಷ್ಟೇ ನನ್ನ ಮಾತು.

ನನ್ನ ಮೂರರಲ್ಲಿ ಕೊನೆಯದು ಸುಟ್ಟಾಕಿ. ಅದೇ ಮರೆಯಬಾರದ್ದು. ಆದರೆ ಚಿಕ್ಕಪ್ಪನ ಮಾತು ತಲೆಯಲ್ಲಿತ್ತು: "ಸುಡೋದಕ್ಕೇ ಅಲ್ವಾ ಇಟ್ಟಿರೋದು?" ಸುಡಿ ಅಂದರೆ ಅವರೂ ಸುಡುವವರೇ, ಡಿಸೆಂಬರ್‌ವರೆಗೆ ದಿನಕ್ಕೆ ನಾಲ್ಕರಂತೆ. ತಡವೇ ಇಲ್ಲಿ ರೋಗ. ಕೊನೆಯದನ್ನು ಉದ್ದ ಮಾಡಬಹುದು ಅನ್ನುವ ನಿಯಮ ಆಗ ಕೈಹಿಡಿಯಿತು. "ಹುಡ್ಕಿ. ಕಿತ್ತಾಕಿ. ಅವತ್ತೇ ಸುಟ್ಟಾಕಿ." ಅಚ್ಚು ಮುರಿಯಲಿಲ್ಲ, ಸ್ವಲ್ಪ ಹಿಗ್ಗಿತು. ಹಿಗ್ಗಿದ ಜಾಗದಲ್ಲಿ ಬೇಕಾದ ಒಂದು ಪದ ಕೂತಿತು.

ಉದ್ದ ಮಾಡುವುದು ಕೊನೆಯದನ್ನು ಮಾತ್ರ. ನಡುವಿನದನ್ನು ಉದ್ದ ಮಾಡಿದರೆ ಮೂರನೆಯದು ಬಾಲದ ಹಾಗೆ ಜೋತಾಡುತ್ತದೆ. "ಹುಡ್ಕಿ, ಬೇರು ಸಮೇತ ಕಿತ್ತಾಕಿ, ಸುಟ್ಟಾಕಿ" ಅಂತ ಒಮ್ಮೆ ಹೇಳಿ ನೋಡಿ. ಸುಡುವುದು ಸುಮ್ನೆ ಸೇರಿಸಿದ ಹಾಗೆ ಕೇಳುತ್ತದೆ.

ಐದನೇ ಹೆಜ್ಜೆ: ಎಂಟು ನಿಮಿಷದಲ್ಲಿ ಎಲ್ಲೆಲ್ಲಿ ಇಡಬೇಕು

ಮೂರು ಮಾತು ಸಿಕ್ಕ ಸಂಭ್ರಮದಲ್ಲಿ ಅದನ್ನು ನಿಮಿಷಕ್ಕೊಮ್ಮೆ ಹೇಳುವವರಿದ್ದಾರೆ. ಅದು ಜಾಹೀರಾತಾಗುತ್ತದೆ. ಪೂರ್ತಿ ಮೂರನ್ನು ನಾನು ಮೂರೇ ಸಲ ಹೇಳಿದೆ: ಮೊದಲ ನಿಮಿಷದಲ್ಲಿ, ನಡುವೆ ಒಮ್ಮೆ, ಕೊನೆಯಲ್ಲಿ. ಉಳಿದಂತೆ ಒಂದೊಂದು ಪದಕ್ಕೆ ಒಂದೊಂದು ಭಾಗ, ತಲಾ ಎರಡು ನಿಮಿಷ.

ಶುರು ಮಾಡಿದ್ದು ಹೀಗೆ:

"ಹೋದ ವರ್ಷ ಇಲ್ಲೇ ನಿಂತು ಹನ್ನೊಂದು ವಿಷಯ ಹೇಳಿದ್ದೆ. ನನಗೇ ಈಗ ಏಳು ನೆನಪಿಲ್ಲ. ಇವತ್ತು ಮೂರೇ. ಬೋರರ್ ಗಿಡ ಹುಡ್ಕಿ. ಕಿತ್ತಾಕಿ. ಅವತ್ತೇ ಸುಟ್ಟಾಕಿ. ಅಕ್ಟೋಬರಿಗೆ ದುಂಬಿ ಹಾರುತ್ತೆ. ನಮಗಿರೋದು ಈ ತಿಂಗಳು."

ಪ್ರತಿ ಭಾಗವೂ ಒಂದೇ ಆಕಾರದಲ್ಲಿತ್ತು: ಕೈ ಏನು ಮಾಡಬೇಕು, ಕಣ್ಣು ಏನು ನೋಡಬೇಕು, ಬಿಟ್ಟರೆ ಏನಾಗುತ್ತದೆ. ಹುಡುಕುವ ಭಾಗದಲ್ಲಿ ನಾನು ಒಂದು ಬೋರರ್ ಕಾಂಡವನ್ನೇ ತಂದಿದ್ದೆ. ಎಲೆ ಹಳದಿಯಾಗುವುದು ಎಲ್ಲರಿಗೂ ಗೊತ್ತು, ಆದರೆ ಅದನ್ನು ಬೇರೆ ಕಾರಣಕ್ಕೂ ಅಂದುಕೊಳ್ಳುತ್ತಾರೆ. ಕಾಂಡದ ಸುತ್ತ ತೊಗಟೆ ಉಬ್ಬಿ ಏಣು ಎದ್ದಿರುವುದು ಗಟ್ಟಿ ಗುರುತು. ಕಾಂಡವನ್ನು ಮುಂದಿನ ಸಾಲಿಗೆ ಕೊಟ್ಟೆ. ಒಬ್ಬೊಬ್ಬರೂ ಹೆಬ್ಬೆರಳಲ್ಲಿ ಸವರಿ ಹಿಂದಕ್ಕೆ ದಾಟಿಸಿದರು. ಆ ಎರಡು ನಿಮಿಷದಲ್ಲಿ ನಾನು ಹೆಚ್ಚು ಮಾತಾಡಲೇ ಇಲ್ಲ. ಕಾಂಡ ವಾಪಸ್ ಬಂದಾಗ ಹೇಳಿದ್ದು ಇಷ್ಟೇ: "ಬೆರಳಿಗೆ ಸಿಕ್ಕಿತಲ್ಲ? ಅದೇ. ಹುಡ್ಕಿ."

ನಡುವೆ ಒಂದು ಕಡೆ ಮಾತ್ರ ಎರಡನೇ ಮೂರರ ಕಟ್ಟು ಬಳಸಿದೆ, "ಬಿಟ್ಟರೆ ಏನಾಗುತ್ತದೆ" ಅನ್ನುವುದನ್ನು ಒಟ್ಟುಗೂಡಿಸಲು:

"ಹುಡುಕದಿದ್ದರೆ ಕಾಣಲ್ಲ. ಕೀಳದಿದ್ದರೆ ನಿಲ್ಲಲ್ಲ. ಸುಡದಿದ್ದರೆ ನಿಮ್ಮ ಬಚ್ಚಲೊಲೆ ಪಕ್ಕದಿಂದಲೇ ಹಾರಿ ಹೋಗುತ್ತೆ."

ಮೊದಲೆರಡು ಅಳತೆ ಮಾಡಿ ಕತ್ತರಿಸಿದ ಹಾಗಿವೆ. ಕಿವಿ ಮೂರನೆಯದಕ್ಕೂ "ಅಲ್ಲ" ಅಂತ ಕಾಯುತ್ತದೆ. ಅಲ್ಲಿ ಮುರಿದು, ಬಚ್ಚಲೊಲೆ ತಂದೆ. ಜನ ನಕ್ಕರು, ಚಿಕ್ಕಪ್ಪ ಎಲ್ಲರಿಗಿಂತ ಜೋರಾಗಿ. ಹೀಗೆ ಬೇಕೆಂದೇ ಅಚ್ಚು ಮುರಿಯುವುದು ಒಂದು ಭಾಷಣದಲ್ಲಿ ಒಂದು ಸಲ ಸಾಕು. ಮೂರನೆಯದಕ್ಕೇ ಮುರಿಯಬೇಕು, ಯಾಕಂದರೆ ಎರಡು ಸಲ ಕೇಳಿದ ಮೇಲೆ ಮಾತ್ರ ಅಚ್ಚು ಕಿವಿಗೆ ಗೊತ್ತಾಗಿರುತ್ತದೆ.

ಎರಡಕ್ಕಿಂತ ಹೆಚ್ಚು ಮೂರರ ಕಟ್ಟು ಒಂದು ಸಣ್ಣ ಭಾಷಣಕ್ಕೆ ಬೇಡ. ಪ್ರತಿ ವಾಕ್ಯವೂ ಮೂರಾದರೆ ಯಾವುದು ಮುಖ್ಯ ಅಂತ ಗೊತ್ತಾಗುವುದಿಲ್ಲ. ಉಳಿದ ಮಾತು ಸಾದಾ ಇರಲಿ, ಅಲ್ಲಲ್ಲಿ ತಡವರಿಸಿದರೂ ಪರವಾಗಿಲ್ಲ.

ಆರನೇ ಹೆಜ್ಜೆ: ಬಾಯಿ, ಮೈಕು, ಮಳೆ

ಸೆಪ್ಟೆಂಬರ್, ನಮ್ಮ ಸಮುದಾಯ ಭವನಕ್ಕೆ ಶೀಟಿನ ಮಾಡು. ಮಳೆ ಹೊಡೆದರೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಕನ್ನಡ ಮಾತಾಡುವವರಿಗೆ ಇಲ್ಲಿ ಒಂದು ವಿಶೇಷ ಕಷ್ಟ ಇದೆ. ವಾಕ್ಯದ ಕೊನೆಗೆ ನಮ್ಮ ದನಿ ಇಳಿಯುತ್ತದೆ. ಕೊನೆಗೇ ಕ್ರಿಯಾಪದ ಇರುತ್ತದೆ. ಅಂದರೆ ಮಾಡಬೇಕಾದ ಕೆಲಸದ ಹೆಸರೇ ಮಳೆಯಲ್ಲಿ ಕೊಚ್ಚಿಹೋಗುತ್ತದೆ. "ಕಿತ್ತ ಗಿಡನ ಅವತ್ತೇ..." ಅನ್ನುವವರೆಗೆ ಕೇಳಿಸಿ, ಮುಂದಿನದು ಹಿಂದಿನ ಸಾಲಿಗೆ ಮುಟ್ಟುವುದಿಲ್ಲ.

ದನಿಯ ಎತ್ತರ ಇಳಿಸಿ, ಬಲ ಇಳಿಸಬೇಡಿ. ಎರಡೂ ಬೇರೆ. ಅಭ್ಯಾಸಕ್ಕೆ ಒಂದು ಉಪಾಯ: ಮೂರು ಮಾತನ್ನು ಕಣದ ಈ ತುದಿಯಿಂದ ಆ ತುದಿಯಲ್ಲಿರುವವರಿಗೆ ಹೇಳಿ. ಅವರಿಗೆ ಕೊನೆಯ "ಕಿ" ಕೇಳಿಸಬೇಕು. ನನಗೆ ಮೂರು ಸಲ "ಏನು?" ಅಂತ ಕೇಳಿದ ಮೇಲೆ ಸರಿಹೋಯಿತು.

ಎರಡು ಮಾತಿನ ನಡುವೆ ಒಂದು ಉಸಿರಿನಷ್ಟು ನಿಲ್ಲಿ. ಹೇಳುವವರಿಗೆ ಅದು ತುಂಬಾ ಹೊತ್ತು ಅನಿಸುತ್ತದೆ, ಕೇಳುವವರಿಗೆ ಅಲ್ಲ. "ಮತ್ತು", "ಹಾಗೂ" ಹಾಕಬೇಡಿ. ಹಾಕಿದರೆ ಕೊನೆಯದು ಬರುತ್ತಿದೆ ಅಂತ ಮೊದಲೇ ಹೇಳಿಬಿಟ್ಟ ಹಾಗಾಗುತ್ತದೆ, ಏಟೂ ಮೆತ್ತಗಾಗುತ್ತದೆ. ಇನ್ನೊಂದು, ಮೂರು ಸಲ ಹೇಳುವಾಗಲೂ ಪದ ಬದಲಾಯಿಸಬೇಡಿ. ಶಾಲೆಯ ಪ್ರಬಂಧದಲ್ಲಿ ಒಂದೇ ಪದ ಮತ್ತೆ ಬರಬಾರದು ಅಂತ ಕಲಿತಿರುತ್ತೇವೆ. ನಾನೂ ಅಭ್ಯಾಸದಲ್ಲಿ ಕೊನೆಯ ಸಲ "ಪತ್ತೆ ಹಚ್ಚಿ, ಬುಡಮೇಲು ಮಾಡಿ, ಭಸ್ಮ ಮಾಡಿ" ಅಂದುಬಿಟ್ಟೆ. ಮೇಸ್ತ್ರಿ, "ಇದು ಬೇರೆ ರೋಗಕ್ಕಾ ಅಣ್ಣ?" ಅಂದ.

ಪ್ರಶ್ನೆ ಬಂದಾಗ

ಕಟ್ಟಿದ ಮಾತು ಗಟ್ಟಿ ಇದೆಯಾ ಅನ್ನುವುದು ಪ್ರಶ್ನೋತ್ತರದಲ್ಲಿ ಗೊತ್ತಾಗುತ್ತದೆ. ನೆರಳಿನ ಪ್ರಶ್ನೆ ನಿರೀಕ್ಷೆಯ ಹಾಗೆ ಮೊದಲನೆಯದಾಗಿ ಬಂತು, ಉತ್ತರ ಸಿದ್ಧವಿತ್ತು. ಎರಡನೆಯದು ಸಿಕ್ಕಿಹಾಕಿಸಿತು. "ಮಳೆ ಹೊಯ್ತಾ ಇರುವಾಗ ಅವತ್ತೇ ಸುಡೋದು ಹೇಗೆ? ಹಸಿ ಕಾಂಡ ಹತ್ತಿಕೊಳ್ಳುತ್ತಾ?"

ನ್ಯಾಯವಾದ ಪ್ರಶ್ನೆ. ಲಯಕ್ಕಾಗಿ ಸೇರಿಸಿದ "ಅವತ್ತೇ" ಎಲ್ಲ ದಿನವೂ ಸಾಧ್ಯವಿಲ್ಲ. ಇಂಥ ಕಡೆ ಮಾತಿಗೆ ಅಂಟಿಕೊಂಡು ಹಟ ಮಾಡಿದರೆ ಜನ ಪೂರ್ತಿ ಸಂದೇಶವನ್ನೇ ಬಿಡುತ್ತಾರೆ. ನಾನು ಹೇಳಿದೆ: "ಹುಡುಕಿ ಗುರುತು ಕಟ್ಟಿಡಿ. ಒಣ ಸೌದೆ ಕೂಡಿಟ್ಟುಕೊಂಡು, ಮಳೆ ಬಿಡುವು ನೋಡಿ ಕೀಳಿ. ಸುಡೋಕಾಗದ ದಿನ ಕೀಳೋಕೇ ಹೋಗಬೇಡಿ." "ಅವತ್ತೇ" ಉಳಿಯಿತು, ಆದರೆ ಅದು ಕೀಳುವ ದಿನವನ್ನು ಆರಿಸುವ ಮಾತಾಯಿತು. ಈಗ ಈ ವಾಕ್ಯವನ್ನು ಎರಡನೇ ಭಾಗದಲ್ಲೇ ಸೇರಿಸಿದ್ದೇನೆ.

ಉಳಿಯಿತಾ ಅಂತ ತಿಳಿಯುವುದು ಹೇಗೆ

ಚಪ್ಪಾಳೆ, "ಚೆನ್ನಾಗಿತ್ತು" ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಡಿ. ನಾನು ಎರಡು ದಿನ ಬಿಟ್ಟು ಐದು ಜನರಿಗೆ ಫೋನು ಮಾಡಿದೆ, ಬೇರೆ ನೆಪದಲ್ಲಿ. ಮಾತಿನ ನಡುವೆ, "ಸಭೆಗೆ ಬರದ ನಿಮ್ಮ ಭಾವನಿಗೆ ಏನು ಹೇಳಿದ್ರಿ?" ಅಂತ ಕೇಳಿದೆ. "ನಾನೇನು ಹೇಳಿದ್ದೆ?" ಅಂತ ಕೇಳಬಾರದು. ಅದು ಪರೀಕ್ಷೆಯಾಗುತ್ತದೆ, ಅವರಿಗೂ ಮುಜುಗರ.

ಐವರಲ್ಲಿ ನಾಲ್ವರು ಮೂರನ್ನೂ ಹೇಳಿದರು. ಐದನೆಯವರು ಹುಡುಕುವುದು, ಸುಡುವುದು ಎರಡನ್ನೇ ಹೇಳಿದರು. ಇಂಥದ್ದು ಒಬ್ಬರದಾದರೆ ಬಿಡಿ. ಎಲ್ಲರೂ ಒಂದೇ ಪದ ಬಿಡುತ್ತಿದ್ದರೆ ಆ ಪದ ಇನ್ನೊಂದರೊಳಗೆ ಸೇರಿಹೋಗಿದೆ ಅಂತ ಅರ್ಥ, ಅಲ್ಲಿ ಕಟ್ಟು ತಪ್ಪಿದೆ. ಪದ ಬದಲಾಗಿ ಕೆಲಸ ಅದೇ ಉಳಿದಿದ್ದರೆ ಖುಷಿಪಡಿ. ಲಯ ಉಳಿದು ಕೆಲಸ ಬದಲಾಗಿದ್ದರೆ ಮತ್ತೆ ಅಚ್ಚಿನ ಹೆಜ್ಜೆಗೆ ಹೋಗಿ.

ಆ ವಾರದ ಕೊನೆಗೆ ಚಿಕ್ಕಪ್ಪನ ಮನೆಯ ಕಡೆ ಹೋದೆ. ಕಣದ ಮೂಲೆಯಲ್ಲಿ ಕರಿ ಬೂದಿಯ ಗುಡ್ಡೆ ಇತ್ತು, ಇನ್ನೂ ಬೆಚ್ಚಗಿತ್ತು. ಬಚ್ಚಲೊಲೆಯ ಪಕ್ಕ ಸಿಲ್ವರ್ ಓಕ್ ಸೌದೆ ಒಟ್ಟಿದ್ದರು.

"ನೋಡ್ಕೋ ಮಾರಾಯ," ಅಂದರು, "ಮುಂದಿನ ಸಲ ಮೈಕಲ್ಲಿ ನನ್ನ ಬಚ್ಚಲ ಸುದ್ದಿ ಎತ್ತಬೇಡ."